ಹದಿನೈದು ಸೆಕೆಂಡಿನ ಹದ

ರಾಯಲ್ ಐಸಿಂಗ್‌ನಿಂದ ಚಿತ್ರ ಬರೆದ ಶುಗರ್ ಕುಕಿಯೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಂಚಿನ ಸುತ್ತ ತುಸು ಎದ್ದು ನಿಂತ ಗೆರೆ ಕಾಣುತ್ತದೆ. ಅದರೊಳಗೆ ಏರುತಗ್ಗಿಲ್ಲದ, ಮಟ್ಟಸವಾದ ಮೈ ಇರುತ್ತದೆ. ಗೆರೆ ಎಳೆದ ಜಾಗದಲ್ಲೇ ನಿಂತಿದೆ, ಒಳಗಿನದು ತಾನಾಗಿ ಹರಿದು ಸಮವಾಗಿದೆ. ಇವೆರಡೂ ಒಂದೇ ಬಟ್ಟಲಲ್ಲಿ ಕಲಸಿದ ಒಂದೇ ಐಸಿಂಗ್. ಒಂದನ್ನು ನಿಲ್ಲುವಂತೆ, ಇನ್ನೊಂದನ್ನು ಹರಿಯುವಂತೆ ಮಾಡಿದ್ದು ನಡುವೆ ಸೇರಿಸಿದ ಅರ್ಧ ಚಮಚ ನೀರು ಮಾತ್ರ.

ಅಂಚಿನ ಗೆರೆ ಎಳೆಯುವುದನ್ನು ಔಟ್‌ಲೈನ್ ಎಂದೂ ಒಳಗೆ ತುಂಬುವುದನ್ನು ಫ್ಲಡಿಂಗ್ ಎಂದೂ ಕರೆಯುತ್ತಾರೆ. ಹೊಸದಾಗಿ ಕಲಿಯುವವರು ಹೆಚ್ಚಾಗಿ ಹುಡುಕುವುದು ಒಳ್ಳೆಯ ರೆಸಿಪಿಯನ್ನು. ಆದರೆ ಈ ಕೆಲಸದಲ್ಲಿ ರೆಸಿಪಿ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಅದು ಕೊಡುವುದು ಗಟ್ಟಿ ಐಸಿಂಗ್. ಅಲ್ಲಿಂದ ಮುಂದೆ ಗೆರೆಗೆ ಎಷ್ಟು, ತುಂಬುವುದಕ್ಕೆ ಎಷ್ಟು ನೀರು ಎಂಬುದನ್ನು ಅಂದಿನ ಹವೆ, ಬಳಸಿದ ಸಕ್ಕರೆ, ಬೆರೆಸಿದ ಬಣ್ಣ, ಕುಕಿಯ ಆಕಾರ ಎಲ್ಲವೂ ಸೇರಿ ನಿರ್ಧರಿಸುತ್ತವೆ. ಹಾಗಾಗಿ ಕಲಿಯಬೇಕಾದದ್ದು ಅಳತೆಗಿಂತ ಹೆಚ್ಚಾಗಿ ಹದ. ಮೈಸೂರು ಪಾಕ್ ಮಾಡುವವರು ನೀರು ಸಕ್ಕರೆಯ ಲೆಕ್ಕ ಗೊತ್ತಿದ್ದರೂ ಬೆರಳ ನಡುವೆ ಎಳೆ ಬಂತೇ ಎಂದು ನೋಡಿಯೇ ಮುಂದುವರಿಯುತ್ತಾರಲ್ಲ, ಇಲ್ಲಿಯೂ ಅಂಥದೇ ಒಂದು ಪರೀಕ್ಷೆ ಇದೆ. ಅದನ್ನು ಸೆಕೆಂಡುಗಳಲ್ಲಿ ಎಣಿಸುತ್ತಾರೆ.

ಬಟ್ಟಲಲ್ಲಿ ಏನಿದೆ

ರಾಯಲ್ ಐಸಿಂಗ್ ಹೆಸರಾದದ್ದು ಇಂಗ್ಲೆಂಡಿನ ಮದುವೆ ಕೇಕುಗಳ ಮೇಲೆ. ಎಲಿಜಬೆತ್ ರಾಫಲ್ಡ್ ಎಂಬಾಕೆ 1769ರಲ್ಲಿ ಹೊರತಂದ ಅಡುಗೆ ಪುಸ್ತಕದಲ್ಲಿ ಮದುವೆ ಕೇಕಿಗೆ ಬಾದಾಮಿಯ ಒಂದು ಪದರ, ಅದರ ಮೇಲೆ ಸಕ್ಕರೆ ಐಸಿಂಗ್‌ನ ಇನ್ನೊಂದು ಪದರ ಹಚ್ಚುವ ಕ್ರಮವಿದೆ. ಮುಂದೆ ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಕುಕಿಗಳ ಮೇಲೆ ಇದೇ ಐಸಿಂಗ್‌ನಿಂದ ಚಿತ್ರ ಬರೆಯುವುದು ದೊಡ್ಡ ಹವ್ಯಾಸವಾಗಿ ಬೆಳೆಯಿತು. ಬೆಂಗಳೂರಿನಲ್ಲಿ ವರ್ಷದ ಕೊನೆಗೆ ನಡೆಯುವ ಕೇಕ್ ಶೋ ನೋಡಿದವರಿಗೆ ಸಕ್ಕರೆಯಲ್ಲಿ ಕಟ್ಟಿದ ಅರಮನೆ, ಗೋಪುರಗಳು ನೆನಪಿರಬಹುದು. ಅಂಥ ಕಟ್ಟಡಗಳ ಸೂಕ್ಷ್ಮ ಕುಸುರಿಗೂ ಬೇಕಾಗುವುದು ಇದೇ ಐಸಿಂಗ್, ಆದರೆ ಅಲ್ಲಿ ಗಟ್ಟಿ ಹದದ್ದು.

ಬೇಕಾಗುವ ಸಾಮಾನು ಮೂರೇ. 500 ಗ್ರಾಂ ಐಸಿಂಗ್ ಶುಗರ್, 3 ಟೇಬಲ್ ಚಮಚ ಮೆರಿಂಗ್ ಪೌಡರ್, ಸುಮಾರು 85 ಮಿ.ಲೀ. ನೀರು. ಮೆರಿಂಗ್ ಪೌಡರ್ ಎಂದರೆ ಒಣಗಿಸಿದ ಮೊಟ್ಟೆಯ ಬಿಳಿಭಾಗಕ್ಕೆ ಸಕ್ಕರೆ, ಪಿಷ್ಟ, ಅಂಟು ಮುಂತಾದವನ್ನು ಬೆರೆಸಿದ ಪುಡಿ. ಹಳೆಯ ಕ್ರಮದಲ್ಲಿ ಹಸಿ ಮೊಟ್ಟೆಯ ಬಿಳಿಯನ್ನೇ ಬಳಸುತ್ತಿದ್ದರು. ಐಸಿಂಗ್ ಬೇಯುವುದಿಲ್ಲವಾದ್ದರಿಂದ ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಹಾಗೆಯೇ ಉಳಿಯುತ್ತದೆ. ಮಕ್ಕಳೂ ಹಿರಿಯರೂ ತಿನ್ನುವ ಕುಕಿಗೆ ಪುಡಿಯೇ ಸರಿ. ಮೊಟ್ಟೆ ತಿನ್ನದವರಿಗಾಗಿ ಹಸಿರು ಚುಕ್ಕೆಯ ರಾಯಲ್ ಐಸಿಂಗ್ ಮಿಶ್ರಣಗಳೂ ನಮ್ಮಲ್ಲಿ ಸಿಗುತ್ತವೆ. ಅವಕ್ಕೆ ಬೇಕಾದ ನೀರಿನ ಪ್ರಮಾಣ ಬೇರೆಯಾಗಿರಬಹುದು, ಆದರೆ ಮುಂದೆ ಹೇಳುವ ಹದದ ಪರೀಕ್ಷೆ ಅವಕ್ಕೂ ಒಂದೇ.

ಸಕ್ಕರೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಬೆರಳಿಗೆ ನುಣ್ಣಗೆ ಅನಿಸಿದರೂ ಅದರಲ್ಲಿ ದಪ್ಪ ಹರಳುಗಳು ಉಳಿದಿರುತ್ತವೆ. ಒಂದೂವರೆ ಮಿಲಿಮೀಟರ್ ತೂತಿನ ನಾಝಲ್‌ನಲ್ಲಿ ಅಂಥ ಒಂದು ಹರಳು ಸಿಕ್ಕಿಕೊಂಡರೂ ಗೆರೆ ಅಲ್ಲೇ ಕಡಿಯುತ್ತದೆ. ಪ್ಯಾಕೆಟ್ಟಿನ ಐಸಿಂಗ್ ಶುಗರನ್ನೇ ತಂದು, ಅದನ್ನೂ ಒಮ್ಮೆ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದುಕೊಳ್ಳಿ.

ಕಲಸುವ ಬಟ್ಟಲಲ್ಲಿ ಎಣ್ಣೆ, ಬೆಣ್ಣೆಯ ಪಸೆ ಇರಬಾರದು. ಜಿಡ್ಡು ಸೇರಿದರೆ ಮೊಟ್ಟೆಯ ಬಿಳಿ ಗಾಳಿಯನ್ನು ಹಿಡಿಯುವುದಿಲ್ಲ. ಸ್ಟೀಲ್ ಅಥವಾ ಗಾಜಿನ ಬಟ್ಟಲನ್ನು ನಿಂಬೆರಸದಿಂದ ಒರೆಸಿ ಒಣಗಿಸಿಕೊಂಡರೆ ಸಾಕು. ಪುಡಿ, ಸಕ್ಕರೆ, ನೀರು ಸೇರಿಸಿ ಬೀಟರನ್ನು ಕಡಿಮೆ ವೇಗದಲ್ಲಿಟ್ಟು ಐದರಿಂದ ಏಳು ನಿಮಿಷ ಕಲಸಬೇಕು. ಮೊದಲು ಅದು ಮಾಸಲು ಬಣ್ಣದ, ಜಿನುಗುವ ದ್ರವವಾಗಿರುತ್ತದೆ. ಕಲಸುತ್ತಾ ಹೋದಂತೆ ಹಾಲುಬಿಳುಪಿಗೆ ತಿರುಗಿ ಬೀಟರ್ ಎತ್ತಿದಾಗ ಮೊನೆ ನೆಟ್ಟಗೆ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಬೇಗ ಮುಗಿಸುವ ಆಸೆಯಿಂದ ವೇಗ ಹೆಚ್ಚಿಸಿದರೆ ಗಾಳಿ ಬೇಕಾದ್ದಕ್ಕಿಂತ ಹೆಚ್ಚು ಸೇರಿ, ಒಣಗಿದ ಮೇಲೆ ಮೈ ತೂತುತೂತಾಗಿ ಸುಲಭವಾಗಿ ಪುಡಿಯಾಗುತ್ತದೆ.

ಒಂದು ಚಮಚ ನೀರು ಏಕೆ ಅಷ್ಟು ಮುಖ್ಯ

ಗಟ್ಟಿ ಐಸಿಂಗ್‌ಗೆ ಒಂದು ಟೇಬಲ್ ಚಮಚ ನೀರು ಸೇರಿಸಿದರೆ ಅದು ಎಷ್ಟು ಸಡಿಲವಾಗುತ್ತದೆ ಎಂದರೆ ಮೊದಲ ಬಾರಿ ನೋಡುವವರು ನೀರು ಹೆಚ್ಚಾಯಿತೆಂದು ಗಾಬರಿಯಾಗುತ್ತಾರೆ. ಇದರ ಕಾರಣ ಸಕ್ಕರೆಯ ಸ್ವಭಾವದಲ್ಲಿದೆ, ಅದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಕೋಣೆಯ ಬಿಸುಪಿನಲ್ಲಿ ನೀರು ತನ್ನ ತೂಕದ ಸುಮಾರು ಎರಡರಷ್ಟು ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಆಮೇಲೆ ಎಷ್ಟು ಹಾಕಿದರೂ ಅದು ಹರಳಾಗಿಯೇ ಉಳಿಯುತ್ತದೆ. ನಮ್ಮ ಬಟ್ಟಲಲ್ಲಿರುವ 85 ಗ್ರಾಂ ನೀರು ಸುಮಾರು 170 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಉಳಿದ 330 ಗ್ರಾಂ ಸಕ್ಕರೆ ಕಣ್ಣಿಗೆ ಕಾಣದ ಸಣ್ಣ ಹರಳುಗಳಾಗಿ ಆ ಪಾಕದಲ್ಲಿ ಒತ್ತೊತ್ತಾಗಿ ತೇಲುತ್ತಿರುತ್ತದೆ. ಅಂದರೆ ಪಾಕ 255 ಗ್ರಾಂ, ಹರಳು 330 ಗ್ರಾಂ. ಹರಳುಗಳು ಒಂದಕ್ಕೊಂದು ಉಜ್ಜುವಷ್ಟು ಹತ್ತಿರ ಇರುವುದರಿಂದಲೇ ಐಸಿಂಗ್ ಗಟ್ಟಿಯಾಗಿ ನಿಲ್ಲುತ್ತದೆ.

ಈಗ 15 ಗ್ರಾಂ, ಅಂದರೆ ಒಂದು ಟೇಬಲ್ ಚಮಚ ನೀರು ಸೇರಿಸೋಣ. ಆ ನೀರು ಸುಮ್ಮನೆ ಹರಳುಗಳ ನಡುವೆ ಹೋಗಿ ಕೂರುವುದಿಲ್ಲ. ತನ್ನ ಎರಡರಷ್ಟು, ಅಂದರೆ 30 ಗ್ರಾಂ ಹರಳನ್ನು ಕರಗಿಸಿ ಅದನ್ನೂ ಪಾಕವಾಗಿಸುತ್ತದೆ. ಹರಳು 300 ಗ್ರಾಂಗೆ ಇಳಿಯಿತು, ಪಾಕ 300 ಗ್ರಾಂಗೆ ಏರಿತು. ನಾವು ಹಾಕಿದ್ದು 15 ಗ್ರಾಂ, ದ್ರವ ಹೆಚ್ಚಿದ್ದು 45 ಗ್ರಾಂ. ಇನ್ನೆರಡು ಟೀ ಚಮಚ ನೀರು ಹಾಕಿದರೆ ಪಾಕವೇ ಮೇಲುಗೈಯಾಗಿ ಐಸಿಂಗ್ ಹರಿಯತೊಡಗುತ್ತದೆ. ಈ ಲೆಕ್ಕದಲ್ಲಿ ಪಿಷ್ಟವನ್ನೂ ಮೊಟ್ಟೆಯ ಪುಡಿಯನ್ನೂ ಬಿಟ್ಟಿದ್ದೇನೆ, ಆದರೂ ನಡೆಯುವುದೇನೆಂದು ಅದು ಸರಿಯಾಗಿ ತೋರಿಸುತ್ತದೆ. ಅರ್ಧ ಕಿಲೋ ಸಕ್ಕರೆಯ ಐಸಿಂಗ್ ಗಟ್ಟಿ ಹದದಿಂದ ಗೆರೆಯ ಹದಕ್ಕೆ, ಅಲ್ಲಿಂದ ತುಂಬುವ ಹದಕ್ಕೆ ಬರಲು ಒಟ್ಟಾರೆ ಎರಡು ಟೇಬಲ್ ಚಮಚ ನೀರೂ ಬೇಕಾಗುವುದಿಲ್ಲ.

ಆದ್ದರಿಂದ ನೀರನ್ನು ಸುರಿಯಬಾರದು. ಐಸಿಂಗನ್ನು ಸಣ್ಣ ಬಟ್ಟಲುಗಳಿಗೆ ಹಂಚಿಕೊಂಡು, 150 ಗ್ರಾಂನಷ್ಟಕ್ಕೆ ಒಮ್ಮೆಗೆ ಕಾಲು ಟೀ ಚಮಚದಂತೆ ಸೇರಿಸಬೇಕು. ಬೇಕಾದ ಹದ ಹತ್ತಿರವಾದಾಗ ನೀರು ಸಿಂಪಡಿಸುವ ಸ್ಪ್ರೇ ಬಾಟಲಿಯಿಂದ ಒಂದೊಂದೇ ಸಲ ಒತ್ತುವುದು ಇನ್ನೂ ಸುರಕ್ಷಿತ. ಇಲ್ಲಿ ಬೀಟರ್ ಬೇಡ. ಸ್ಪ್ಯಾಚುಲಾದಿಂದ ಬಟ್ಟಲಿನ ಗೋಡೆಗೆ ಒತ್ತುತ್ತಾ ನಿಧಾನವಾಗಿ ಮಡಚಿದರೆ ಹೊಸ ಗಾಳಿಗುಳ್ಳೆ ಸೇರುವುದಿಲ್ಲ.

ಎಣಿಸುವ ಕ್ರಮ

ಬಟ್ಟಲನ್ನು ಅಲ್ಲಾಡಿಸಿ ಐಸಿಂಗ್‌ನ ಮೈ ಸಮ ಮಾಡಿಕೊಳ್ಳಿ. ಬೆಣ್ಣೆ ಹಚ್ಚುವ ಚಾಕುವನ್ನು ಒಂದು ಸೆಂಟಿಮೀಟರಿನಷ್ಟು ಆಳಕ್ಕೆ ಇಳಿಸಿ ಈ ಕಡೆಯಿಂದ ಆ ಕಡೆಗೆ ಒಮ್ಮೆ ಎಳೆಯಿರಿ. ಚಾಕು ಹೊರಬಂದ ಕೂಡಲೇ ಗಡಿಯಾರದ ಸೆಕೆಂಡು ಎಣಿಸಲು ಶುರು ಮಾಡಿ. ಮೊದಲು ಸೀಳಿನ ತಳ ಮುಚ್ಚಿಕೊಳ್ಳುತ್ತದೆ, ಆಮೇಲೆ ಎರಡೂ ಬದಿಯ ಅಂಚು ಕರಗುತ್ತದೆ, ಕೊನೆಗೆ ಒಂದು ಸಣ್ಣ ಗೀಟು ಉಳಿದು ಅದೂ ಮಾಯವಾಗುತ್ತದೆ. ಗೀಟಿನ ಗುರುತು ಪೂರ್ತಿ ಅಳಿಯುವವರೆಗೆ ಹಿಡಿದ ಸಮಯವೇ ಆ ಐಸಿಂಗ್‌ನ ಹದ.

ಈ ಎಣಿಕೆಯಲ್ಲಿ ಅವರವರ ಕೈಗೆ ತಕ್ಕಂತೆ ಒಂದೆರಡು ಸೆಕೆಂಡು ಹೆಚ್ಚುಕಡಿಮೆಯಾಗುತ್ತದೆ. ಅದರಿಂದ ತೊಂದರೆಯಿಲ್ಲ. ಪ್ರತಿ ಸಲವೂ ಅದೇ ಚಾಕು, ಅಷ್ಟೇ ಆಳ, ಅದೇ ರೀತಿ ಎಳೆದರೆ ನಿಮ್ಮ ಲೆಕ್ಕ ನಿಮಗೆ ನಂಬಿಕೆಯದಾಗುತ್ತದೆ.

ಅಂಚಿನ ಗೆರೆಗೆ 25 ಸೆಕೆಂಡಿನ ಆಸುಪಾಸು ಬೇಕು. ಚಮಚ ಎತ್ತಿದಾಗ ಮೊನೆ ನಿಲ್ಲುತ್ತದೆ, ಆದರೆ ತುದಿ ಬಾಗುತ್ತದೆ. ದೊಡ್ಡ ಜಾಗ ತುಂಬಲು 12ರಿಂದ 15 ಸೆಕೆಂಡು ಸಾಕು. ಸಣ್ಣ, ಇಕ್ಕಟ್ಟಾದ ಜಾಗ ತುಂಬಲು 18ರಿಂದ 20 ಸೆಕೆಂಡು ಇರಲಿ. 8 ಸೆಕೆಂಡಿಗಿಂತ ಮೊದಲೇ ಗುರುತು ಅಳಿದರೆ ಆ ಐಸಿಂಗ್ ಗೆರೆಯನ್ನು ದಾಟಿ ಕುಕಿಯ ಬದಿಗೆ ಇಳಿಯುತ್ತದೆ. ಅದನ್ನು ಸರಿಪಡಿಸಲು ಬರಿ ಸಕ್ಕರೆ ಪುಡಿ ಹಾಕುವುದಕ್ಕಿಂತ ತೆಗೆದಿಟ್ಟ ಗಟ್ಟಿ ಐಸಿಂಗ್ ಒಂದು ಚಮಚ ಬೆರೆಸುವುದು ಒಳ್ಳೆಯದು. ಆಗ ಗಂಟು ಕಟ್ಟುವುದಿಲ್ಲ, ಮೊಟ್ಟೆಯ ಪುಡಿಯ ಪ್ರಮಾಣವೂ ಕಡಿಮೆಯಾಗುವುದಿಲ್ಲ. ಹೀಗಾಗಿ ಕೆಲಸ ಮುಗಿಯುವವರೆಗೆ ಗಟ್ಟಿ ಐಸಿಂಗ್ ಸ್ವಲ್ಪ ಉಳಿಸಿಕೊಂಡಿರಬೇಕು. ಅದರ ಮೈಗೆ ಅಂಟುವಂತೆ ಕ್ಲಿಂಗ್ ಫಿಲ್ಮ್ ಮುಚ್ಚಿ. ತೆರೆದಿಟ್ಟ ಐಸಿಂಗ್ ಕೆಲವೇ ನಿಮಿಷಗಳಲ್ಲಿ ಕೆನೆಗಟ್ಟುತ್ತದೆ, ಆ ಕೆನೆಯ ಚೂರು ನಾಝಲ್‌ಗೆ ಅಡ್ಡ ಬರುತ್ತದೆ.

ತುಂಬುವ ಐಸಿಂಗ್ ಸಿದ್ಧವಾದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಕಾಲು ಗಂಟೆ ಬಿಡಬೇಕು. ಒಳಗಿನ ಗುಳ್ಳೆಗಳು ಮೇಲೆ ಬರುತ್ತವೆ. ಬಟ್ಟಲನ್ನು ಮೇಜಿಗೆ ಮೆಲ್ಲಗೆ ಕುಟ್ಟಿ, ಮೇಲೆದ್ದ ಗುಳ್ಳೆಗಳನ್ನು ಹಲ್ಲುಕಡ್ಡಿಯಿಂದ ಒಡೆದು, ಒಮ್ಮೆ ನಿಧಾನವಾಗಿ ತಿರುವಿ ಕೋನ್‌ಗೆ ತುಂಬಿ.

ಒಂದು ಕೈಗವಸಿನ ಕುಕಿ

ಈ ಹದಗಳೆಲ್ಲ ಒಟ್ಟಿಗೆ ಬೇಕಾಗುವ ಆಕಾರವೊಂದನ್ನು ತೆಗೆದುಕೊಳ್ಳೋಣ. ಅಮೆರಿಕದ ಕ್ರಿಸ್‌ಮಸ್ ಕುಕಿಗಳಲ್ಲಿ ಉಣ್ಣೆಯ ಕೈಗವಸು ಬಹಳ ಬಳಕೆಯ ಆಕಾರ. ನಾಲ್ಕು ಬೆರಳಿಗೆ ಒಂದೇ ಚೀಲ, ಹೆಬ್ಬೆರಳಿಗೆ ಬೇರೆ ಚೀಲ, ಮಣಿಕಟ್ಟಿನಲ್ಲಿ ಮಡಿಕೆ. ಎಂಟು ಸೆಂಟಿಮೀಟರ್ ಉದ್ದದ ಕುಕಿಯಲ್ಲಿ ಅಂಗೈ ಭಾಗ ಅಗಲವಾಗಿದೆ, ಹೆಬ್ಬೆರಳು ಒಂದೂವರೆ ಸೆಂಟಿಮೀಟರ್ ಅಗಲವೂ ಇಲ್ಲ. ಕೈಗವಸು ಕೆಂಪು, ಮಡಿಕೆ ಬಿಳಿ, ಕೆಂಪಿನ ಮೇಲೆ ಬಿಳಿಯ ಚುಕ್ಕೆಗಳು. ಕುಕಿ ಪೂರ್ತಿ ಆರಿರಬೇಕು, ಬಿಸಿ ಇದ್ದರೆ ಐಸಿಂಗ್ ಜಾರುತ್ತದೆ.

ಮೊದಲು ಬಣ್ಣ. ದಟ್ಟ ಕೆಂಪಿಗೆ ಜೆಲ್ ಕಲರ್ ಬಹಳ ಬೇಕು, ಆ ಜೆಲ್ಲೂ ಒಂದು ದ್ರವವೇ. ಆದ್ದರಿಂದ ಗಟ್ಟಿ ಐಸಿಂಗ್‌ಗೆ ಮೊದಲು ಬಣ್ಣ ಹಾಕಿ, ನೀರಿನ ಹೊಂದಾಣಿಕೆಯನ್ನು ಆಮೇಲೆ ಮಾಡಬೇಕು. ಹದ ಮಾಡಿಟ್ಟು ನಂತರ ಬಣ್ಣ ಹಾಕಿದರೆ 15 ಸೆಕೆಂಡಿನದು 10ಕ್ಕೆ ಇಳಿದಿರುತ್ತದೆ. ಕೆಂಪು ಬಣ್ಣ ಕೆಲವು ಗಂಟೆಗಳಲ್ಲಿ ತಾನಾಗಿ ಗಾಢವಾಗುತ್ತದೆ. ಬಟ್ಟಲಲ್ಲಿ ಒಂದು ಛಾಯೆ ತಿಳಿಯಾಗಿದ್ದಾಗಲೇ ನಿಲ್ಲಿಸಿ ಮುಚ್ಚಿಟ್ಟರೆ ಜೆಲ್ ಸುರಿಯುವುದು ತಪ್ಪುತ್ತದೆ.

25 ಸೆಕೆಂಡಿನ ಕೆಂಪನ್ನು ಒಂದೂವರೆ ಮಿಲಿಮೀಟರ್ ನಾಝಲ್ ಇರುವ ಕೋನ್‌ಗೆ ತುಂಬಿ ಅಂಚಿನ ಗೆರೆ ಎಳೆಯಿರಿ. ನಾಝಲ್ ಕುಕಿಯನ್ನು ಉಜ್ಜಬಾರದು. ಶುರುವಿನ ಜಾಗದಲ್ಲಿ ಮುಟ್ಟಿಸಿ, ಒತ್ತುತ್ತಾ ಒಂದು ಸೆಂಟಿಮೀಟರಿನಷ್ಟು ಮೇಲೆತ್ತಿ, ಇಳಿಯುವ ಎಳೆಯನ್ನು ಬೇಕಾದ ಕಡೆಗೆ ಮಲಗಿಸುತ್ತಾ ಹೋಗಬೇಕು. ಗೆರೆ ಮುಗಿಯುವ ಜಾಗಕ್ಕೆ ಸ್ವಲ್ಪ ಮೊದಲೇ ಒತ್ತುವುದನ್ನು ಬಿಟ್ಟು ಕೆಳಗಿಳಿಸಿ ಮುಟ್ಟಿಸಬೇಕು. ಎಳೆ ಗಾಳಿಯಲ್ಲೇ ಕಡಿದರೆ ಅಥವಾ ಸುತ್ತಿಕೊಂಡು ನಾಝಲ್‌ಗೇ ಅಂಟಿದರೆ ಐಸಿಂಗ್ ಗಟ್ಟಿಯಾಗಿದೆ ಎಂದರ್ಥ. ಕುಕಿಯ ಮೇಲೆ ಬಿದ್ದ ಗೆರೆ ನೋಡನೋಡುತ್ತಲೇ ಅಗಲವಾಗಿ ಚಪ್ಪಟೆಯಾದರೆ ತೆಳುವಾಗಿದೆ. ಚಪ್ಪಟೆ ಗೆರೆ ಮುಂದೆ ತುಂಬುವ ಐಸಿಂಗನ್ನು ತಡೆಯುವಷ್ಟು ಎತ್ತರ ಉಳಿಸಿಕೊಳ್ಳುವುದಿಲ್ಲ. ಮಡಿಕೆ ಇರುವ ಜಾಗವನ್ನು ಬಿಟ್ಟು, ಅಂಗೈ ಮತ್ತು ಹೆಬ್ಬೆರಳಿನ ನಡುವೆಯೂ ಒಂದು ಗೆರೆ ಎಳೆದು ಎರಡನ್ನೂ ಬೇರೆ ಮಾಡಿಕೊಳ್ಳಿ. ಹತ್ತು ನಿಮಿಷ ಬಿಟ್ಟರೆ ಗೆರೆಯ ಮೇಲೆ ಪೊರೆ ಕಟ್ಟುತ್ತದೆ. ಗೆರೆ ಬೇರೆಯಾಗಿ ಕಾಣದೆ ಒಳಗಿನದರೊಂದಿಗೆ ಬೆರೆತುಹೋಗಲಿ ಎನ್ನುವುದಾದರೆ ಕಾಯದೆ ಕೂಡಲೇ ತುಂಬಬಹುದು.

ಹೆಬ್ಬೆರಳನ್ನು ಮೊದಲು ತುಂಬಬೇಕು, ಅದಕ್ಕೆ 18ರಿಂದ 20 ಸೆಕೆಂಡಿನ ಕೆಂಪು. ಅಂಗೈಗೆಂದು ಮಾಡಿದ 13 ಸೆಕೆಂಡಿನದನ್ನೇ ಅಲ್ಲೂ ಹಾಕಿದರೆ ಅರ್ಧ ಗಂಟೆಯ ನಂತರ ನಡುವೆ ಕುಳಿ ಬೀಳುವ ಸಂಭವ ಹೆಚ್ಚು. ತೆಳು ಐಸಿಂಗ್‌ನಲ್ಲಿ ನೀರು ಹೆಚ್ಚು, ಹಾಗಾಗಿ ಒಣಗುವಾಗ ಕುಗ್ಗುವುದೂ ಹೆಚ್ಚು. ಮೇಲೆ ಪೊರೆ ಕಟ್ಟುವ ಹೊತ್ತಿಗೆ ಒಳಗಿನದು ಇನ್ನೂ ಹಸಿಯಾಗಿರುತ್ತದೆ, ಅದು ಇಳಿದಂತೆ ಎಳೆಯ ಪೊರೆಯೂ ಜೊತೆಗೆ ಕುಸಿಯುತ್ತದೆ. ಹದ ಗಟ್ಟಿಯಾಗಿದ್ದರೆ ಕುಗ್ಗುವುದು ಕಡಿಮೆ. ಪೊರೆ ಬೇಗ ಗಟ್ಟಿಯಾದರೆ ಅದು ತನ್ನ ಭಾರವನ್ನು ತಾನೇ ಹೊರುತ್ತದೆ. ಹೀಗಾಗಿ ಹೆಬ್ಬೆರಳು ತುಂಬಿದ ಕೂಡಲೇ ಕುಕಿಯನ್ನು ಮೇಜಿನ ಫ್ಯಾನಿನ ಎದುರು ಇಪ್ಪತ್ತು ನಿಮಿಷ ಇಡಬೇಕು. ತುಂಬುವ ಮೊದಲು ಗೆರೆಯ ಐಸಿಂಗ್‌ನಿಂದಲೇ ಒಳಗೆ ಸುರುಳಿಯೊಂದನ್ನು ಎಳೆದುಕೊಂಡರೆ ಮೇಲಿನದಕ್ಕೆ ಆಸರೆಯೂ ಸಿಗುತ್ತದೆ.

ಹೆಬ್ಬೆರಳಿನ ಮೇಲೆ ಪೊರೆ ಬಂದ ಮೇಲೆ ಅಂಗೈಗೆ 13ರಿಂದ 15 ಸೆಕೆಂಡಿನ ಕೆಂಪು. ಗೆರೆಯ ಒಳಬದಿಗೆ ಒಂದು ಸುತ್ತು ಹಾಕಿ ನಡುವಿಗೆ ಬನ್ನಿ. ಪೂರ್ತಿ ತುಂಬಬೇಡಿ, ಅಲ್ಲಲ್ಲಿ ಕುಕಿ ಸ್ವಲ್ಪ ಕಾಣುತ್ತಿರಲಿ. ಹಲ್ಲುಕಡ್ಡಿಯ ತುದಿಯಿಂದ ಸಣ್ಣ ವೃತ್ತ ಬರೆಯುವಂತೆ ಆಡಿಸಿ ಐಸಿಂಗನ್ನು ಮೂಲೆಗಳಿಗೆ ಎಳೆದುಕೊಳ್ಳಬೇಕು. ಕುಕಿಯನ್ನು ಮೇಜಿನ ಮೇಲಿಟ್ಟು ಎಡಬಲಕ್ಕೆ ಮೆಲ್ಲಗೆ ಅಲುಗಿಸಿದರೆ ಹದ ಸರಿಯಿದ್ದ ಐಸಿಂಗ್ ಕೆಲವೇ ಸೆಕೆಂಡುಗಳಲ್ಲಿ ಮಟ್ಟವಾಗುತ್ತದೆ. ಹಲ್ಲುಕಡ್ಡಿಯ ಗುರುತು ಹಾಗೆಯೇ ಉಳಿದರೆ ಅದು ಗಟ್ಟಿ. ಮುಂದಿನ ಕುಕಿಗೆ ಹೋಗುವ ಮೊದಲು ಕೋನ್ ಖಾಲಿ ಮಾಡಿ ಒಂದೆರಡು ಸ್ಪ್ರೇ ನೀರು ಸೇರಿಸಿ.

ಬಿಳಿಯ ಚುಕ್ಕೆಗಳನ್ನು ಕೆಂಪು ಹಸಿಯಿರುವಾಗಲೇ ಇಡಬೇಕು, ಅವೂ ಕೆಂಪಿನಷ್ಟೇ ಸೆಕೆಂಡಿನ ಹದದಲ್ಲಿರಬೇಕು. ಎರಡೂ ಒಂದೇ ಹದವಾದರೆ ಚುಕ್ಕೆ ಕೆಂಪಿನೊಳಗೆ ಇಳಿದು ಮೈ ಸಮವಾಗುತ್ತದೆ. ಚುಕ್ಕೆಯದು ಗಟ್ಟಿಯಾದರೆ ಉಬ್ಬಿ ನಿಲ್ಲುತ್ತದೆ, ತೆಳುವಾದರೆ ಅಂಚು ಕಳೆದುಕೊಂಡು ಹರಡುತ್ತದೆ. ಈ ಕೆಲಸಕ್ಕೆ ಒಂದೆರಡು ನಿಮಿಷದ ಅವಕಾಶ ಮಾತ್ರ ಇರುವುದರಿಂದ ಬಿಳಿಯ ಕೋನ್ ಮೊದಲೇ ಕೈಗೆ ಸಿಗುವಂತಿರಲಿ.

ಮಡಿಕೆಯನ್ನು ಅಂದೇ ಮುಗಿಸುವ ಆತುರ ಬೇಡ. ಹಸಿ ಕೆಂಪಿನ ಪಕ್ಕ ಹಸಿ ಬಿಳಿ ಕೂತರೆ ನೀರು ಆ ಕಡೆ ಈ ಕಡೆ ಹರಿದಾಡಿ ಬಣ್ಣವನ್ನೂ ಒಯ್ಯುತ್ತದೆ. ಕೆಂಪು ರಾತ್ರಿಯಿಡೀ ಒಣಗಲಿ. ಮರುದಿನ ನೀರು ಸೇರಿಸದ ಗಟ್ಟಿ ಬಿಳಿ ಐಸಿಂಗ್‌ನಿಂದ ಉಣ್ಣೆಯ ಹೆಣಿಗೆ ಕಾಣುವಂತೆ ಗೆರೆಗಳನ್ನು ಎಬ್ಬಿಸಿ. ಇಲ್ಲಿ ಹರಿಯುವ ಹದ ಕೆಲಸಕ್ಕೆ ಬರುವುದಿಲ್ಲ, ಹೆಣಿಗೆಯ ಏರುತಗ್ಗು ಒಣಗುವವರೆಗೂ ಹಾಗೆಯೇ ನಿಲ್ಲಬೇಕು.

ಒಣಗಿದ ಮೇಲೆ ಕಾಣುವ ದೋಷಗಳು

ತಪ್ಪು ಎಲ್ಲಿ ಆಯಿತೆಂದು ಒಣಗಿದ ಕುಕಿಯೇ ಹೇಳುತ್ತದೆ. ನಡುವೆ ಕುಳಿ ಬಿದ್ದಿದ್ದರೆ ಜಾಗಕ್ಕೆ ತಕ್ಕ ಹದ ಇರಲಿಲ್ಲ ಅಥವಾ ಪೊರೆ ಕಟ್ಟುವುದು ತಡವಾಯಿತು. ಮೈತುಂಬ ಸೂಜಿಮೊನೆಯಷ್ಟು ತೂತುಗಳಿದ್ದರೆ ಐಸಿಂಗನ್ನು ಹೆಚ್ಚು ಬೀಟ್ ಮಾಡಿ ಗುಳ್ಳೆ ಬಿಡಿಸದೆ ತುಂಬಲಾಗಿದೆ. ಮೈ ಉಬ್ಬುತಗ್ಗಾಗಿದ್ದರೆ ತುಂಬುವ ಹದ ಗಟ್ಟಿಯಾಗಿತ್ತು.

ಬಣ್ಣದಲ್ಲಿ ತಿಳಿ ಮತ್ತು ಗಾಢ ಮಚ್ಚೆಗಳು ಕಂಡರೆ ಕಾರಣ ಒಂದಕ್ಕಿಂತ ಹೆಚ್ಚು ಇರಬಹುದು. ಕೋನ್‌ನಲ್ಲಿ ಗಂಟೆಗಟ್ಟಲೆ ಬಿಟ್ಟ ತೆಳು ಐಸಿಂಗ್‌ನಲ್ಲಿ ಪಾಕ ಒಂದೆಡೆ, ಹರಳು ಇನ್ನೊಂದೆಡೆ ಬೇರ್ಪಡುತ್ತದೆ. ಅದನ್ನು ಮತ್ತೆ ಬಟ್ಟಲಿಗೆ ಸುರಿದು ಕಲಸದೆ ಬಳಸಿದರೆ ಮೊದಲು ಬರುವುದು ನೀರಾದದ್ದು, ಆಮೇಲೆ ಬರುವುದು ಗಟ್ಟಿಯಾದದ್ದು. ಮಚ್ಚೆ ಮುಟ್ಟಿದಾಗ ಮೆದುವಾಗಿ, ಜಿಡ್ಡುಜಿಡ್ಡಾಗಿ ಅನಿಸಿದರೆ ಅದು ಕುಕಿಯ ಬೆಣ್ಣೆ ಮೇಲಕ್ಕೆ ಏರಿದ್ದು. ಅಂಥ ಕಡೆ ಐಸಿಂಗ್‌ನ ಹದ ತಿದ್ದಿ ಫಲವಿಲ್ಲ, ಕುಕಿಯಲ್ಲಿ ಬೆಣ್ಣೆ ಕಡಿಮೆ ಮಾಡಬೇಕು ಅಥವಾ ಅದನ್ನು ಇನ್ನಷ್ಟು ಬೇಯಿಸಬೇಕು.

ಹವೆ ನೋಡಿ ಹದ

ನಮ್ಮ ನಾಡಿನಲ್ಲಿ ಈ ಐಸಿಂಗ್‌ಗೆ ಹವೆಯೇ ದೊಡ್ಡ ಪರೀಕ್ಷೆ. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ ಫ್ಯಾನ್ ಕೆಳಗಿಟ್ಟ ಕುಕಿ ಬೆಳಗಾಗುವಷ್ಟರಲ್ಲಿ ಒಣಗುವುದು ಸಾಮಾನ್ಯ. ಅದೇ ಕುಕಿ ಮಳೆಗಾಲದ ಮಂಗಳೂರಿನಲ್ಲಿ ಎರಡನೆಯ ದಿನವೂ ಅಂಟಂಟಾಗಿರಬಹುದು. ಸಕ್ಕರೆಗೆ ಒಂದು ಮಿತಿಯಿದೆ. ಗಾಳಿಯ ತೇವಾಂಶ ಸುಮಾರು ಶೇ 85 ದಾಟಿದರೆ ಅದು ನೀರನ್ನು ಬಿಟ್ಟುಕೊಡುವ ಬದಲು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಕರಾವಳಿಯ ಆಷಾಢದಲ್ಲಿ ಗಾಳಿ ಆ ಮಿತಿಯನ್ನು ದಾಟುವುದು ಮಾಮೂಲು. ಆಗ ಕಿಟಕಿ ತೆರೆದು ಫ್ಯಾನ್ ಹಾಕಿದರೆ ಒದ್ದೆ ಗಾಳಿಯನ್ನೇ ಬೀಸಿದಂತಾಗುತ್ತದೆ. ಬಾಗಿಲು ಮುಚ್ಚಿ ಎ.ಸಿ. ಹಾಕಿದ ಕೋಣೆಯಲ್ಲಿ ಫ್ಯಾನ್ ಇಡುವುದು ಸರಿಯಾದ ದಾರಿ, ಏಕೆಂದರೆ ಎ.ಸಿ. ಗಾಳಿಯ ನೀರನ್ನು ಹೊರಹಾಕುತ್ತದೆ.

ಅಂಥ ಹವೆಯಲ್ಲಿ ಎಲ್ಲ ಹದವನ್ನೂ ಎರಡು ಮೂರು ಸೆಕೆಂಡು ಗಟ್ಟಿಯ ಕಡೆಗೆ ತನ್ನಿ. ಕಡಿಮೆ ನೀರು ಹಾಕಿದರೆ ಕಡಿಮೆ ನೀರು ಒಣಗಬೇಕು. ಹೊಳಪಿಗೆಂದು ಕೆಲವರು ಒಂದು ಚಮಚ ಲಿಕ್ವಿಡ್ ಗ್ಲೂಕೋಸ್ ಸೇರಿಸುತ್ತಾರೆ, ಅದರಿಂದ ಕಚ್ಚಿದಾಗ ಮೆದುವಾಗುತ್ತದೆ ಎಂಬುದೂ ನಿಜ. ಆದರೆ ಗ್ಲೂಕೋಸ್ ತೇವವನ್ನು ಇನ್ನಷ್ಟು ಹಿಡಿದಿಡುತ್ತದೆ, ಮಳೆಗಾಲದಲ್ಲಿ ಅದನ್ನು ಬಿಡುವುದೇ ಲೇಸು. ಹೊಳಪು ಬೇಕಾದರೆ ಪೊರೆ ಬೇಗ ಕಟ್ಟುವಂತೆ ಫ್ಯಾನ್ ಎದುರು ಇಡಿ. ನಿಧಾನವಾಗಿ ಒಣಗಿದ ಐಸಿಂಗ್ ಮಂಕಾಗುತ್ತದೆ. ಬರೆದ ಕುಕಿಯನ್ನು ಫ್ರಿಜ್‌ನಲ್ಲಿ ಇಡಬೇಡಿ, ಹೊರತೆಗೆದಾಗ ಅದರ ಮೇಲೆ ಕೂರುವ ನೀರಹನಿ ಬಣ್ಣವನ್ನು ಕರಗಿಸುತ್ತದೆ.

ಎಲ್ಲಕ್ಕೂ ಒಂದೇ ಹದ ಸಾಕೇ

ನಾಲ್ಕಾರು ಬಣ್ಣ, ಪ್ರತಿಯೊಂದಕ್ಕೂ ಎರಡು ಮೂರು ಹದ ಎಂದರೆ ಮೇಜಿನ ತುಂಬ ಕೋನ್‌ಗಳಾಗುತ್ತವೆ. ಅದಕ್ಕಾಗಿ ಹಲವರು 18 ಸೆಕೆಂಡಿನ ಒಂದೇ ಹದದಲ್ಲಿ ಗೆರೆಯನ್ನೂ ಎಳೆದು, ಕೂಡಲೇ ಒಳಗನ್ನೂ ತುಂಬುತ್ತಾರೆ. ಸರಳ ಆಕಾರಗಳಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಗೆರೆಯೂ ತುಂಬಿದ್ದೂ ಒಂದಾಗಿ ಅಂಚು ಕಾಣದ ನುಣುಪು ಮೈ ಬರುತ್ತದೆ. ಆದರೆ ಅದರಿಂದ ಸಣ್ಣ ಅಕ್ಷರ ಬರೆಯಲಾಗುವುದಿಲ್ಲ, ಎದ್ದು ಕಾಣುವ ಗೆರೆ ಸಿಗುವುದಿಲ್ಲ. ಅಂಗೈ ಅಗಲದ ಜಾಗದಲ್ಲಿ ಅದನ್ನು ಮಟ್ಟ ಮಾಡಲು ಹಲ್ಲುಕಡ್ಡಿಯ ಕೆಲಸವೂ ಹೆಚ್ಚಾಗುತ್ತದೆ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಇದೇ 18 ಸೆಕೆಂಡಿನಿಂದ ಶುರು ಮಾಡಿ ಎಂಬುದು. ದುಂಡಗಿನ ಕುಕಿ, ಒಂದೇ ಬಣ್ಣ, ಒಂದೇ ಕೋನ್ ಸಾಕು. ಮರುದಿನ ಒಣಗಿದ ಕುಕಿಯನ್ನು ನೋಡಿ. ಬದಿಗೆ ಹರಿದಿದ್ದರೆ ಮುಂದಿನ ಸಲ 20 ಸೆಕೆಂಡು, ಮೈ ಏರುತಗ್ಗಾಗಿದ್ದರೆ 15. ಪ್ರತಿ ಕೋನ್ ಮೇಲೂ ಸೆಕೆಂಡನ್ನು ಬರೆದಂಟಿಸುವ ರೂಢಿ ಮಾಡಿಕೊಂಡರೆ ಯಾವ ಕುಕಿ ಯಾವ ಹದದ್ದೆಂದು ತಿಳಿಯುತ್ತದೆ. ಆ ಗುರುತು ಇಲ್ಲದಿದ್ದರೆ ಕುಳಿ ಬಿದ್ದ ಕುಕಿಯಿಂದ ಏನನ್ನೂ ಕಲಿಯಲಾಗದು. ಗುರುತು ಇದ್ದರೆ ನಿಮ್ಮ ಊರಿನ ಹವೆಗೆ, ನೀವು ತರುವ ಸಕ್ಕರೆಗೆ, ನಿಮ್ಮ ಕೈಗೆ ಹೊಂದುವ ಲೆಕ್ಕ ನಿಮ್ಮ ಬಳಿಯೇ ಸಿದ್ಧವಾಗುತ್ತದೆ. ಆ ಲೆಕ್ಕವನ್ನು ಯಾವ ರೆಸಿಪಿಯೂ ಮೊದಲೇ ಬರೆದುಕೊಡಲಾರದು.